ಸಾಲ ತೀರಿಸಲು ಏನೂ ಉಳಿದಿಲ್ಲ ಎಂದಾಗ: ಕಾನೂನು ಬಿಟ್ಟಿರುವ ದಾರಿಗಳು, ಸಿಬಿಲ್‌ನಲ್ಲಿ ಉಳಿಯುವ ಗುರುತುಗಳು

ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ಕರ್ನಾಟಕದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಮೊದಲು ಹಿಂತಿರುಗಿಸಿದರು. ಶಿಕ್ಷೆ ಅತಿಯಾಯಿತು, ನಿಯಮದಂತೆ ಸಾಲ ಕೊಟ್ಟವರಿಗೂ ಪೆಟ್ಟು ಬೀಳುತ್ತದೆ ಎಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದವು. ಸರ್ಕಾರ ವಿವರಣೆ ಕೊಟ್ಟ ಮೇಲೆ 2025ರ ಫೆಬ್ರುವರಿ 12ರಂದು ಅದಕ್ಕೆ ಅಂಕಿತ ಬಿತ್ತು. ಮುಂದಿನ ತಿಂಗಳು ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಒಪ್ಪಿತು. ಇಷ್ಟು ಹೊತ್ತಿಗೆ ಹಳ್ಳಿ, ಪೇಟೆಗಳಲ್ಲಿ ಸುದ್ದಿಯ ರೂಪವೇ ಬೇರೆಯಾಗಿತ್ತು. ‘ಸಂಘದ ಸಾಲ ಮನ್ನಾ ಆಯಿತಂತೆ, ಇನ್ನು ಕಂತು ಕಟ್ಟುವುದು ಬೇಡವಂತೆ’ ಎಂದು ಕೆಲವರು ನಂಬಿದರು. ಹಾಗೆಲ್ಲ ಏನೂ ಇಲ್ಲ ಎಂದು ವಸೂಲಿಗೆ ಬಂದವರು ಹೇಳಿದರು.

ಎರಡರಲ್ಲೂ ಅರ್ಧ ಸತ್ಯವಿದೆ. ನಿಜಕ್ಕೂ ಕೈಯಲ್ಲಿ ಏನೂ ಇಲ್ಲದ ಸಾಮಾನ್ಯ ಮನುಷ್ಯನಿಗೆ ಸಾಲದಿಂದ ಹೊರಬರಲು ನಮ್ಮ ಕಾನೂನಿನಲ್ಲಿ ಏನಿದೆ ಎಂಬುದನ್ನು ಇಡಿಯಾಗಿ ನೋಡದೆ ಈ ಗೊಂದಲ ಬಿಡಿಸಲಾಗದು.

ಮನ್ನಾ ಆದದ್ದು ಯಾವ ಸಾಲ

2025ರ ಕಾಯ್ದೆ ಎಲ್ಲ ಸಾಲವನ್ನೂ ಮುಟ್ಟುವುದಿಲ್ಲ. ಪರವಾನಗಿ ಅಥವಾ ನೋಂದಣಿ ಇಲ್ಲದ ಲೇವಾದೇವಿದಾರರು ಮತ್ತು ಕಿರುಸಾಲ ಸಂಸ್ಥೆಗಳು ಆರ್ಥಿಕವಾಗಿ ದುರ್ಬಲರಿಗೆ ಕಾಯ್ದೆ ಬರುವ ಮೊದಲು ಕೊಟ್ಟ ಸಾಲವನ್ನು ಮಾತ್ರ, ಬಡ್ಡಿಯೂ ಸೇರಿ, ಪೂರ್ತಿ ತೀರಿದೆ ಎಂದೇ ಅದು ಪರಿಗಣಿಸುತ್ತದೆ. ಅಂಥ ಸಾಲದ ವಸೂಲಿಗೆ ಸಿವಿಲ್ ಕೋರ್ಟು ದಾವೆಯನ್ನೇ ತೆಗೆದುಕೊಳ್ಳುವಂತಿಲ್ಲ. ಹೆದರಿಸಿ, ಬಲವಂತದಿಂದ ವಸೂಲು ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆರ್‌ಬಿಐ ನೋಂದಣಿ ಇರುವ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲ ಇದ್ದ ಹಾಗೆಯೇ ಇದೆ. ಸ್ವಸಹಾಯ ಸಂಘಗಳ ಮೂಲಕ ಬಂದ ಸಾಲದ ಹಿಂದೆ ಬಹುತೇಕ ಇಂಥ ನೋಂದಾಯಿತ ಸಂಸ್ಥೆಯೇ ಇರುತ್ತದೆ. ಹಾಗಾಗಿ ಸುದ್ದಿ ನಂಬಿ ಕಂತು ನಿಲ್ಲಿಸಿದವರಿಗೆ ಮನ್ನಾ ಸಿಗಲಿಲ್ಲ, ಬಾಕಿಯ ದಾಖಲೆ ಮಾತ್ರ ಬೆಳೆಯಿತು. ರಾಜ್ಯ ಇದಕ್ಕೂ ಮೊದಲು, 2018ರ ಋಣ ಪರಿಹಾರ ಕಾಯ್ದೆಯಲ್ಲಿ, ಇದೇ ಗೆರೆ ಎಳೆದಿತ್ತು. ವರ್ಷಕ್ಕೆ 1.2 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದವರು, ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಖಾಸಗಿಯವರಿಂದ ಪಡೆದ ಸಾಲಕ್ಕೆ ಒಂದು ಬಾರಿಯ ಬಿಡುಗಡೆ ಸಿಕ್ಕಿತ್ತು. ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲ ಆಗಲೂ ಹೊರಗಿತ್ತು.

ಒಂದು ಲೆಕ್ಕ

ಅಮೂರ್ತವಾಗಿ ಮಾತಾಡುವ ಬದಲು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದವರೊಬ್ಬರ ವ್ಯಾಪಾರ ಮುಚ್ಚಿಹೋಗಿದೆ. ಬ್ಯಾಂಕಿನ ವೈಯಕ್ತಿಕ ಸಾಲ 4 ಲಕ್ಷ, ಕ್ರೆಡಿಟ್ ಕಾರ್ಡ್ ಬಾಕಿ 1.2 ಲಕ್ಷ, ಸಹಕಾರ ಸಂಘದ ಸಾಲ 1.5 ಲಕ್ಷ, ಒಡವೆ ಸಾಲ 80 ಸಾವಿರ. ಸಹಕಾರ ಸಂಘದ ಸಾಲಕ್ಕೆ ಭಾವಮೈದನ ಜಾಮೀನಿದೆ. ಇದಲ್ಲದೆ ಪರವಾನಗಿ ಇಲ್ಲದ ಒಬ್ಬರಿಂದ ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ ತಂದ 1 ಲಕ್ಷ, ಅದಕ್ಕೆ ಭದ್ರತೆಯಾಗಿ ಸಹಿ ಹಾಕಿದ ಖಾಲಿ ಚೆಕ್. ಒಟ್ಟು 8.5 ಲಕ್ಷ. ಸ್ವಂತ ಮನೆಯಿಲ್ಲ, ಜಮೀನಿಲ್ಲ. ಈಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ತಿಂಗಳಿಗೆ 15 ಸಾವಿರ ಸಂಬಳ.

ಇವರು ಆರ್ಥಿಕವಾಗಿ ದುರ್ಬಲರು ಎಂಬ ವ್ಯಾಖ್ಯೆಗೆ ಒಳಪಟ್ಟರೆ, ಸಾಲವೂ ಕಾಯ್ದೆಗೆ ಮುಂಚಿನದಾಗಿದ್ದರೆ, ಖಾಸಗಿಯವರ 1 ಲಕ್ಷ 2025ರ ಕಾಯ್ದೆಯಿಂದ ಬಿದ್ದುಹೋಗುತ್ತದೆ. ಖಾಲಿ ಚೆಕ್ಕಿನ ಭಯ ಮಾತ್ರ ಉಳಿಯುತ್ತದೆ. ಚೆಕ್ ಬೌನ್ಸ್ ಕೇಸು ನಿಲ್ಲಬೇಕಾದರೆ ಕಾನೂನುಬದ್ಧವಾಗಿ ವಸೂಲು ಮಾಡಬಹುದಾದ ಸಾಲ ಇರಲೇಬೇಕು. ಸಾಲವೇ ತೀರಿದೆ ಎಂದು ಕಾಯ್ದೆ ಹೇಳಿದ ಮೇಲೆ ಆ ಕೇಸಿನ ಬುಡ ಅಲುಗುತ್ತದೆ. ಆದರೆ ವಕೀಲರ ನೋಟಿಸು ಬಂದಾಗ ಸುಮ್ಮನಿದ್ದರೆ ಆ ವಾದ ಹೇಳುವವರೇ ಇರುವುದಿಲ್ಲ. ನೋಟಿಸು ಕೈಸೇರಿದ 15 ದಿನದೊಳಗೆ ಲಿಖಿತ ಉತ್ತರ ಹೋಗಬೇಕು.

ಒಡವೆ ಸಾಲದ್ದು ಸರಳ ಗಣಿತ. ಕಟ್ಟದಿದ್ದರೆ ಒಡವೆ ಹರಾಜಾಗುತ್ತದೆ, ಸಾಲ ಅಷ್ಟಕ್ಕೆ ಮುಗಿಯಿತು ಎಂದುಕೊಳ್ಳೋಣ. ಉಳಿದದ್ದು ಯಾವ ಅಡಮಾನವೂ ಇಲ್ಲದ 6.7 ಲಕ್ಷ. ಮುಂದಿನ ಮಾತೆಲ್ಲ ಈ ಮೊತ್ತದ ಬಗ್ಗೆ.

ಕಟ್ಟದಿದ್ದರೆ ಜೈಲೇ? ಹೆಚ್ಚಿನವರನ್ನು ಕಾಡುವ ಭಯ ಇದೇ. ಹಣ ಕಟ್ಟು ಎಂದು ಕೋರ್ಟು ಕೊಟ್ಟ ತೀರ್ಪಿಗಾಗಿ, ಅಂದರೆ ಹಣದ ಡಿಕ್ರಿಗಾಗಿ, ಸಿವಿಲ್ ಜೈಲಿಗೆ ಕಳಿಸುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇನ್ನೂ ಇದೆ, ಗರಿಷ್ಠ 3 ತಿಂಗಳು. ಆದರೆ ಕಟ್ಟುವ ಶಕ್ತಿ ಇದ್ದೂ ಕಟ್ಟದವನಿಗೆ ಮಾತ್ರ ಅದು ಸಲ್ಲುತ್ತದೆ, ಬರೀ ಬಡತನಕ್ಕೆ ಜೈಲು ಕೂಡದು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿತು. ಮಹಿಳೆಯರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ.

ಹಾಗಾದರೆ ಬ್ಯಾಂಕು ಕೋರ್ಟಿನಿಂದ ಎಷ್ಟು ಪಡೆಯಬಲ್ಲದು? ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಜಪ್ತಿಯಿಂದ ಹೊರಗೆ. 15 ಸಾವಿರದಲ್ಲಿ 10,333 ರೂಪಾಯಿ ಇವರ ಕೈಗೇ ಬರುತ್ತದೆ, ಜಪ್ತಿ ಆಗುವುದು 4,667. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಹೆಚ್ಚು ಸಂಬಳ ಹಿಡಿಯುವಂತಿಲ್ಲ. ಅಲ್ಲಿಗೆ 4 ಲಕ್ಷದ ಸಾಲಕ್ಕೆ ಸಂಬಳದಿಂದ ಬ್ಯಾಂಕಿಗೆ ದಕ್ಕುವುದು ಹೆಚ್ಚೆಂದರೆ 1.12 ಲಕ್ಷ, ಅದೂ ದಾವೆ ಗೆದ್ದು, ಅಮಲ್ಜಾರಿ ಅರ್ಜಿ ಹಾಕಿ, ಎರಡು ವರ್ಷ ಕಾದ ಮೇಲೆ. ಕಾರ್ಡ್ ಕಂಪನಿಯೂ ಡಿಕ್ರಿ ಪಡೆದರೆ ಸರದಿಯಲ್ಲಿ ನಿಲ್ಲಬೇಕು. ಈ ಅಂಕಿ ನೆನಪಿರಲಿ, ರಾಜಿಯ ವಿಷಯ ಬಂದಾಗ ಬೇಕಾಗುತ್ತದೆ.

‘ಐಪಿ ಹಾಕುವುದು’: ನೂರು ದಾಟಿದ ಕಾಯ್ದೆ

ಕರ್ನಾಟಕದಲ್ಲಿ ಸಾಮಾನ್ಯ ವ್ಯಕ್ತಿ ತಾನು ದಿವಾಳಿ ಎಂದು ಘೋಷಿಸಿಕೊಳ್ಳಲು ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೋರ್ಟ್ ಆವರಣದಲ್ಲಿ ‘ಐಪಿ’ ಎನ್ನುವುದು ಇದರಡಿಯ ಅರ್ಜಿಗೇ. ಸಾಲಗಾರ ತಾನೇ ಅರ್ಜಿ ಹಾಕಲು ಬೇಕಾದ ಕನಿಷ್ಠ ಸಾಲ 500 ರೂಪಾಯಿ. ಕಾಯ್ದೆಯ ವಯಸ್ಸು ಎಷ್ಟೆಂದು ಆ ಅಂಕಿಯೇ ಹೇಳುತ್ತದೆ.

ಅರ್ಜಿಯಲ್ಲಿ ಎಲ್ಲ ಸಾಲ, ಸಾಲ ಕೊಟ್ಟವರ ಹೆಸರು ವಿಳಾಸ, ತನ್ನ ಎಲ್ಲ ಆಸ್ತಿಯ ಪಟ್ಟಿ ಕೊಡಬೇಕು. ಕೋರ್ಟು ಸಾಲ ಕೊಟ್ಟವರಿಗೆ ನೋಟಿಸು ಕಳಿಸಿ, ವಿಚಾರಣೆ ಮಾಡಿ, ಒಪ್ಪಿದರೆ ದಿವಾಳಿ ಎಂದು ಘೋಷಿಸುತ್ತದೆ. ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಆ ಕ್ಷಣದಿಂದ ಆಸ್ತಿಯೆಲ್ಲ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್‌ನ ವಶಕ್ಕೆ. ಅಡಿಗೆ ಪಾತ್ರೆ, ಉಡುವ ಬಟ್ಟೆ, ಕಸುಬಿನ ಉಪಕರಣದಂಥ, ಜಪ್ತಿ ಮಾಡಲಾಗದ ವಸ್ತುಗಳು ಮಾತ್ರ ಉಳಿಯುತ್ತವೆ. ಪ್ರತಿಯಾಗಿ ಸಿಗುವುದು ಉಸಿರಾಡಲು ಜಾಗ: ಕೋರ್ಟಿನ ಅನುಮತಿ ಇಲ್ಲದೆ ಯಾರೂ ಹೊಸ ದಾವೆ ಹೂಡುವಂತಿಲ್ಲ. ಅಡಮಾನ ಹಿಡಿದವರಿಗೆ ಈ ತಡೆ ಅನ್ವಯಿಸುವುದಿಲ್ಲ. ಬಂಧನದಿಂದ ರಕ್ಷಣೆ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಆದೇಶ ಕೇಳಬೇಕು.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ದಿವಾಳಿ ಎಂಬ ಘೋಷಣೆಯಿಂದ ಸಾಲ ಹೋಗುವುದಿಲ್ಲ. ಸಾಲ ಹೋಗುವುದು ಅದರ ನಂತರದ ಬಿಡುಗಡೆ ಆದೇಶದಿಂದ. ಬಿಡುಗಡೆಗೆ ಯಾವಾಗ ಅರ್ಜಿ ಹಾಕಬೇಕೆಂದು ಘೋಷಣೆ ಮಾಡುವಾಗಲೇ ಕೋರ್ಟು ಗಡುವು ಕೊಡುತ್ತದೆ. ನೋಟಿಸು, ಫೋನು ನಿಂತಿತೆಂದು ನಿರಾಳವಾಗಿ ಗಡುವು ಮರೆತರೆ ದಿವಾಳಿ ಘೋಷಣೆಯೇ ರದ್ದಾಗುತ್ತದೆ, ಎಲ್ಲರೂ ಮತ್ತೆ ಬಾಗಿಲಿಗೆ ಬರುತ್ತಾರೆ. ಹೀಗೆ ರದ್ದಾದವರು ಇನ್ನೊಮ್ಮೆ ಐಪಿ ಹಾಕಲು ಕೋರ್ಟಿನ ಅನುಮತಿ ಬೇಕು.

ಬಿಡುಗಡೆಯೂ ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಅಡಮಾನವಿಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿಯಿಂದ ಬರದಿದ್ದರೆ ಪೂರ್ಣ ಬಿಡುಗಡೆ ಕೊಡಬಾರದು ಎನ್ನುತ್ತದೆ ಕಾಯ್ದೆ. ಕೈಮೀರಿದ ಕಾರಣದಿಂದ ಹಾಗಾಯಿತು ಎಂದು ತೋರಿಸಿದರೆ ವಿನಾಯಿತಿ ಉಂಟು. ನಮ್ಮ ಹೋಟೆಲಿನವರ ಬಳಿ ಆಸ್ತಿ ಸೊನ್ನೆ. ಹಾಗಾಗಿ ಅವರ ಇಡೀ ಪ್ರಕರಣ ನಿಲ್ಲುವುದು ಈ ವಿನಾಯಿತಿಯ ಮೇಲೆ. ವ್ಯಾಪಾರದ ಲೆಕ್ಕಪುಸ್ತಕ, ಬಾಡಿಗೆ ಕರಾರು, ಆಸ್ಪತ್ರೆ ಬಿಲ್ಲು, ವಹಿವಾಟು ಕುಸಿದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಆಗ ಬೆಲೆ ಬಾಳುತ್ತವೆ. ಲೆಕ್ಕ ಇಡದಿರುವುದು, ಮುಳುಗಿದ್ದು ಗೊತ್ತಾದ ಮೇಲೂ ವ್ಯಾಪಾರ ಮುಂದುವರಿಸಿದ್ದು, ಜೂಜು, ದುಂದುವೆಚ್ಚ ಇವೆಲ್ಲ ಬಿಡುಗಡೆ ನಿರಾಕರಿಸಲು ಕಾಯ್ದೆಯಲ್ಲೇ ಬರೆದಿರುವ ಕಾರಣಗಳು. ಮುಂದಿನ ಸಂಪಾದನೆಯಲ್ಲಿ ಇಂತಿಷ್ಟು ಕಟ್ಟಬೇಕೆಂಬ ಷರತ್ತಿನ ಬಿಡುಗಡೆಯನ್ನೂ ಕೋರ್ಟು ಕೊಡಬಹುದು.

ಅರ್ಜಿಗೆ ಮುಂಚೆ ಆಸ್ತಿಯನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡುವ ‘ಬುದ್ಧಿವಂತಿಕೆ’ಯನ್ನು ಕಾಯ್ದೆ ಮೊದಲೇ ಊಹಿಸಿದೆ. ದಿವಾಳಿಗೆ ಹಿಂದಿನ 2 ವರ್ಷದೊಳಗೆ ದಾನದಂತೆ ಬರೆದುಕೊಟ್ಟ ಆಸ್ತಿ ವರ್ಗಾವಣೆಯನ್ನು ರದ್ದು ಮಾಡಬಹುದು. ಅರ್ಜಿಗೆ ಹಿಂದಿನ 3 ತಿಂಗಳಲ್ಲಿ, ಉಳಿದವರನ್ನು ಬಿಟ್ಟು ಬೇಕಾದ ಒಬ್ಬರ ಸಾಲ ಮಾತ್ರ ತೀರಿಸಿದ್ದರೆ ಅದನ್ನೂ ವಾಪಸು ತರಿಸಬಹುದು. ಸರ್ಕಾರದ ಬಾಕಿ, ಜೀವನಾಂಶ, ವಂಚನೆಯಿಂದ ಆದ ಸಾಲ ಬಿಡುಗಡೆಯ ನಂತರವೂ ಉಳಿಯುತ್ತವೆ.

2016ರಲ್ಲಿ ಬರೆದರು, ಜಾರಿಗೆ ತರಲಿಲ್ಲ

ಇಷ್ಟು ಹಳೆಯ ದಾರಿಯೇ ಗತಿ ಏಕೆ ಎಂಬ ಪ್ರಶ್ನೆ ಸಹಜ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ಪೂರ್ತಿ ವ್ಯಕ್ತಿಗಳಿಗಾಗಿಯೇ ಬರೆದದ್ದು. ದಿವಾಳಿಯಾದವನಿಗೆ ಸಾಮಾನ್ಯವಾಗಿ ಒಂದು ವರ್ಷದಲ್ಲಿ ಬಿಡುಗಡೆ, ತೀರ ಬಡವರಿಗೆ ‘ಹೊಸ ಆರಂಭ’ ಎಂಬ ಸರಳ ಕ್ರಮ, ಎಲ್ಲ ಅದರಲ್ಲಿದೆ. ಆದರೆ ಕೇಂದ್ರ ಸರ್ಕಾರ 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದವರಿಗೆ ಮಾತ್ರ. ಈ ಭಾಗಶಃ ಜಾರಿಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಫಲವಾಗಿ, ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಕೋಟಿಗಟ್ಟಲೆ ಸಾಲಕ್ಕೆ ಜಾಮೀನು ಹಾಕಿದವರಿಗೆ ಆಧುನಿಕ ದಿವಾಳಿ ಪ್ರಕ್ರಿಯೆ ಇದೆ, ಸ್ವಂತ ಹೆಸರಲ್ಲಿ ಹೋಟೆಲ್ ನಡೆಸಿದವರಿಗೆ ಎಂಟಾಣೆ ಲೆಕ್ಕದ ಕಾಯ್ದೆ ಇದೆ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯ ಗಮನವೂ ಮುಖ್ಯವಾಗಿ ಕಂಪನಿಗಳ ಮೇಲೆಯೇ.

ನಾಳೆಯೇ ‘ಹೊಸ ಆರಂಭ’ ಜಾರಿಯಾದರೆ ನಮ್ಮ ಹೋಟೆಲಿನವರಿಗೆ ಉಪಯೋಗವಾಗುತ್ತದೆಯೇ? ಇಲ್ಲ. ಅದಕ್ಕೆ ವಾರ್ಷಿಕ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಇವರ ಆದಾಯ ವರ್ಷಕ್ಕೆ 1.8 ಲಕ್ಷ. ಆರ್‌ಬಿಐ 2022ರ ನಿಯಮದಲ್ಲಿ ಕಿರುಸಾಲಕ್ಕೆ ಅರ್ಹವೆಂದು ಗುರುತಿಸಿದ್ದು 3 ಲಕ್ಷದವರೆಗೆ ಆದಾಯವಿರುವ ಕುಟುಂಬವನ್ನು. ಒಂದು ಕುಟುಂಬದ ಆದಾಯ, ಇನ್ನೊಂದು ವ್ಯಕ್ತಿಯದು, ನೇರ ಹೋಲಿಕೆ ಸಲ್ಲದು, ನಿಜ. ಆದರೂ ಸಾಲ ಕೊಡುವಾಗ ಬಡವರೆನಿಸಿದವರಲ್ಲಿ ಬಹುಪಾಲು ಜನ ಸಾಲ ಬಿಡಿಸುವಾಗ ಬಡವರ ಪಟ್ಟಿಯಿಂದ ಹೊರಬೀಳುತ್ತಾರೆ. ಈ ಮಿತಿಗಳು ಕಾಯ್ದೆಯ ಪಠ್ಯದಲ್ಲೇ ಇವೆ.

ಬ್ಯಾಂಕು ಮತ್ತು ಕಿರುಸಾಲ ಸಂಸ್ಥೆಗಳ ಕಡೆಯವರ ವಾದ ಬೇರೆ. ಬಿಡುಗಡೆ ಸುಲಭವಾದರೆ ಕಟ್ಟಬಲ್ಲವರೂ ಕಟ್ಟುವುದನ್ನು ನಿಲ್ಲಿಸುತ್ತಾರೆ, ಆ ನಷ್ಟ ತುಂಬಲು ಎಲ್ಲರಿಗೂ ಬಡ್ಡಿ ಏರುತ್ತದೆ, ಇಲ್ಲವೇ ಬಡವರಿಗೆ ಸಾಲವೇ ಸಿಗುವುದಿಲ್ಲ ಎನ್ನುತ್ತಾರೆ ಅವರು. ತಳ್ಳಿಹಾಕುವ ಮಾತಲ್ಲ ಇದು, ವದಂತಿ ಹಬ್ಬಿದ ಕಡೆ ಕಂತು ಕಟ್ಟುವುದು ನಿಲ್ಲುತ್ತದೆ. ಆದರೆ ಆ ಅಪಾಯ ಹೆಚ್ಚು ಇರುವುದು ಚುನಾವಣೆ ಹೊತ್ತಿನ ಸಾರಾಸಗಟು ಮನ್ನಾದಲ್ಲಿ. ಒಬ್ಬೊಬ್ಬರ ಆಸ್ತಿ, ಆದಾಯ ಪರೀಕ್ಷಿಸಿ ಕೊಡುವ ಬಿಡುಗಡೆಯಲ್ಲಿ ಕಟ್ಟಬಲ್ಲವರು ಜರಡಿಯಲ್ಲೇ ಸಿಕ್ಕಿಬೀಳುತ್ತಾರೆ. ಅಂಥ ಜರಡಿ ಇಲ್ಲದ್ದರಿಂದಲೇ ಸರ್ಕಾರಗಳು ಮತ್ತೆ ಮತ್ತೆ ಮನ್ನಾದ ಮೊರೆ ಹೋಗುತ್ತವೆ.

ರಾಜಿ: ಹೆಚ್ಚಿನವರು ಹಿಡಿಯುವ ದಾರಿ

ವಾಸ್ತವದಲ್ಲಿ ಬಹುತೇಕ ಪ್ರಕರಣ ಮುಗಿಯುವುದು ಬಾಕಿಗಿಂತ ಕಡಿಮೆ ಮೊತ್ತಕ್ಕೆ ಲೆಕ್ಕ ಚುಕ್ತಾ ಮಾಡುವ ಒನ್ ಟೈಮ್ ಸೆಟ್ಲ್‌ಮೆಂಟ್‌ನಲ್ಲಿ, ಬ್ಯಾಂಕಿನಲ್ಲೇ ಅಥವಾ ಲೋಕ ಅದಾಲತ್‌ನಲ್ಲಿ. ಮೇಲಿನ 1.12 ಲಕ್ಷದ ಲೆಕ್ಕ ಇಲ್ಲಿ ಬರುತ್ತದೆ. 20 ಲಕ್ಷಕ್ಕಿಂತ ಕಡಿಮೆಯ ಸಾಲಕ್ಕೆ ಬ್ಯಾಂಕು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವಂತಿಲ್ಲ, ಸಿವಿಲ್ ಕೋರ್ಟಿಗೇ ಹೋಗಬೇಕು. ಅಲ್ಲಿ ವರ್ಷಗಟ್ಟಲೆ ಅಲೆದು ಅಷ್ಟು ಪಡೆಯುವ ಬದಲು ಇಂದೇ 1.2 ಲಕ್ಷ ಬಂದರೆ ಬ್ಯಾಂಕಿಗೂ ಲಾಭ. ಸಂಬಂಧಿಕರಿಂದ ಹಣ ಹೊಂದಿಸಬಲ್ಲವರು ಈ ಮೊತ್ತದ ಆಸುಪಾಸಿನಿಂದ ಮಾತು ಶುರು ಮಾಡಬಹುದು. ಮೊದಲ ಮಾತಿಗೇ 3 ಲಕ್ಷ ಒಪ್ಪಿಕೊಂಡು ಅದಕ್ಕಾಗಿ ಮತ್ತೆ ಕೈಸಾಲ ಮಾಡುವವರಿದ್ದಾರೆ. ಅದರಿಂದ ಸಾಲ ತೀರುವುದಿಲ್ಲ, ಸಾಲ ಕೊಟ್ಟವರು ಬದಲಾಗುತ್ತಾರೆ ಅಷ್ಟೆ.

ಹಣ ಕಟ್ಟುವ ಮೊದಲು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಕೈಗೆ ಬರಬೇಕು: ಎಷ್ಟು ಕಟ್ಟಬೇಕು, ಯಾವ ದಿನದೊಳಗೆ, ಕಟ್ಟಿದ ಮೇಲೆ ಬಾಕಿ ಏನೂ ಇಲ್ಲ ಎಂಬ ಮಾತು. ವಸೂಲಿ ಏಜೆಂಟರ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಕಟ್ಟಿದ ಹಣ ಬಡ್ಡಿಗೆ ಜಮೆಯಾಗಿ, ಅಸಲು ಹಾಗೇ ಉಳಿಯಬಹುದು.

ಏನನ್ನೂ ಮಾಡದೆ ಮೂರು ವರ್ಷ ಕಳೆದರೆ ಸಾಲ ಹೋಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅಡಮಾನವಿಲ್ಲದ ಸಾಲಕ್ಕೆ ದಾವೆ ಹೂಡುವ ಕಾಲಮಿತಿ ಸಾಮಾನ್ಯವಾಗಿ 3 ವರ್ಷ ಎಂಬುದು ಸರಿ. ಅದು ಮುಗಿದರೆ ಹೋಗುವುದು ಕೋರ್ಟಿಗೆ ಹೋಗುವ ಹಕ್ಕು, ಸಾಲವಲ್ಲ, ಸಿಬಿಲ್ ದಾಖಲೆಯೂ ಅಲ್ಲ. ಅವಧಿ ಮುಗಿಯುವ ಮೊದಲು ‘ಸಾಲ ಇರುವುದು ನಿಜ, ಸ್ವಲ್ಪ ಸಮಯ ಕೊಡಿ’ ಎಂದು ಸಹಿ ಹಾಕಿ ಬರೆದುಕೊಟ್ಟರೆ ಆ ದಿನದಿಂದ ಮತ್ತೆ 3 ವರ್ಷ.

ಸಿಬಿಲ್‌ನಲ್ಲಿ ಏನು ಉಳಿಯುತ್ತದೆ

ಭಾರತದಲ್ಲಿ ಸಾಲದ ದಾಖಲೆ ಇಡುವ ಕಂಪನಿಗಳು ನಾಲ್ಕು. ಸಿಬಿಲ್ ಅವುಗಳಲ್ಲಿ ಒಂದು, ಹೆಸರು ಮಾತ್ರ ಎಲ್ಲಕ್ಕೂ ಅಂಟಿಕೊಂಡಿದೆ. 2005ರ ಕಾಯ್ದೆಯಡಿಯ ನಿಯಮದಂತೆ ಮಾಹಿತಿಯನ್ನು ಕನಿಷ್ಠ 7 ವರ್ಷ ಇಡಬೇಕು. ಕನಿಷ್ಠ ಎಂಬ ಮಾತು ಗಮನಿಸಿ. ಏಳು ವರ್ಷಕ್ಕೆ ತಾನಾಗಿ ಅಳಿಸಿಹೋಗುತ್ತದೆ ಎಂಬ ಹಕ್ಕು ಅದರಲ್ಲಿಲ್ಲ.

ವರದಿಯಲ್ಲಿ ಅಂಕಕ್ಕಿಂತ ಖಾತೆಯ ಸ್ಥಿತಿ ಮುಖ್ಯ. ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ಕಡಿಮೆ ಮೊತ್ತಕ್ಕೆ ರಾಜಿಯಾದರೆ ‘ಸೆಟಲ್ಡ್’. ಬ್ಯಾಂಕು ತನ್ನ ಲೆಕ್ಕಪುಸ್ತಕದಿಂದ ಕೈಬಿಟ್ಟಿದ್ದರೆ ‘ರಿಟನ್ ಆಫ್’. ಈ ಕೊನೆಯದನ್ನು ಮನ್ನಾ ಎಂದು ಓದಿಕೊಳ್ಳುವವರು ಬಹಳ. ಅದು ಬ್ಯಾಂಕಿನ ಒಳಗಿನ ಲೆಕ್ಕದ ವಿಷಯ, ವಸೂಲಿ ಹಕ್ಕು ಹಾಗೇ ಇರುತ್ತದೆ, ಸಾಲ ಕೊಡುವವರ ಕಣ್ಣಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವ ಗುರುತುಗಳಲ್ಲಿ ಒಂದು. ಹಾಗಾಗಿ ರಿಟನ್ ಆಫ್ ಆಗಿ ಬಿದ್ದಿರುವ ಖಾತೆಗಿಂತ ಸೆಟಲ್ಡ್ ಆದದ್ದು ಮೇಲು, ಕ್ಲೋಸ್ಡ್ ಎಲ್ಲಕ್ಕಿಂತ ಮೇಲು. ಮುಂದೆಂದಾದರೂ ಕೈ ಆಡಿದಾಗ ಬಿಟ್ಟ ವ್ಯತ್ಯಾಸವನ್ನು ಕಟ್ಟಿ, ಸೆಟಲ್ಡ್ ಎಂಬುದನ್ನು ಕ್ಲೋಸ್ಡ್ ಮಾಡಿಸಿಕೊಳ್ಳಲು ಬ್ಯಾಂಕನ್ನು ಕೇಳಬಹುದು.

ಆರ್‌ಬಿಐ 2023ರ ಜೂನ್‌ನಲ್ಲಿ ಹೊರಡಿಸಿದ ಚೌಕಟ್ಟಿನಂತೆ, ರಾಜಿ ಮಾಡಿಕೊಂಡ ಬ್ಯಾಂಕು ಕೃಷಿಯೇತರ ಸಾಲಗಾರನಿಗೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಆಮೇಲೆ ಕೊಡಲೇಬೇಕೆಂದೇನೂ ಇಲ್ಲ. ಒಮ್ಮೆ ನಷ್ಟ ಮಾಡಿದವರ ಹೆಸರನ್ನು ಬ್ಯಾಂಕಿನ ಸ್ವಂತ ದಾಖಲೆ ಸಿಬಿಲ್‌ಗಿಂತ ಹೆಚ್ಚು ಕಾಲ ನೆನಪಿಡಬಹುದು.

ಐಪಿ ಹಾಕಿದವರ ಪರಿಸ್ಥಿತಿ ಇನ್ನಷ್ಟು ಬಿಗಿ. ಬಿಡುಗಡೆ ಆಗುವವರೆಗೆ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೂ ಅಪರಾಧ, 6 ತಿಂಗಳವರೆಗೆ ಜೈಲು. ಅಕ್ಷರಶಃ ಓದಿದರೆ ಅಂಗಡಿಯ ಉದ್ದರಿಯೂ ಅದರೊಳಗೆ ಬರುತ್ತದೆ. ಬಿಡುಗಡೆಯಾಗದ ದಿವಾಳಿ ಶಾಸಕ, ಸಂಸದ ಆಗುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ಬಿಡುಗಡೆ ಆದೇಶ ಬಂದ ಮೇಲೆ ಅದರ ಪ್ರಮಾಣಿತ ಪ್ರತಿಯನ್ನು ಪ್ರತಿ ಬ್ಯಾಂಕಿಗೂ ಕೊಟ್ಟು ದಾಖಲೆ ತಿದ್ದಿಸಬೇಕು. ಕೋರ್ಟಿನ ಆದೇಶ ತಾನಾಗಿ ಸಿಬಿಲ್‌ಗೆ ಹೋಗಿ ಸೇರುತ್ತದೆ ಎಂದು ಕಾದು ಕೂರುವಂತಿಲ್ಲ. ವರ್ಷಕ್ಕೊಂದು ಪೂರ್ಣ ವರದಿಯನ್ನು ಪ್ರತಿ ಕಂಪನಿಯೂ ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥವಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಪರವಾನಗಿ ಇಲ್ಲದವರ ಆ 1 ಲಕ್ಷದ ಸಾಲ ಮಾತ್ರ ಯಾವ ವರದಿಯಲ್ಲೂ ಇರುವುದಿಲ್ಲ, ಅಂಥವರು ಮಾಹಿತಿ ಕೊಡುವುದೇ ಇಲ್ಲ. ವಿಚಿತ್ರವೆಂದರೆ, ಅತಿ ಹೆಚ್ಚು ಬಡ್ಡಿ ಸುಲಿದ ಸಾಲ ಗುರುತು ಬಿಡದೆ ಹೋಗುತ್ತದೆ, ಕಡಿಮೆ ಬಡ್ಡಿಯ ಬ್ಯಾಂಕ್ ಸಾಲದ ಗುರುತು ಕನಿಷ್ಠ ಏಳು ವರ್ಷ ಕಾಡುತ್ತದೆ. ಬ್ಯಾಂಕಿನ ಬಾಗಿಲು ಮುಚ್ಚಿದ ಆ ಏಳು ವರ್ಷದಲ್ಲಿ ಮಗಳ ಫೀಸಿಗೋ ಆಸ್ಪತ್ರೆಗೋ ಹಣ ಬೇಕಾದಾಗ ಮನುಷ್ಯ ಮತ್ತೆ ಮೀಟರ್ ಬಡ್ಡಿಯವರ ಹತ್ತಿರವೇ ಹೋಗುತ್ತಾನೆ.

ಭಾವಮೈದನ ಗತಿ

ಎಲ್ಲರೂ ಮರೆಯುವುದು ಜಾಮೀನು ಹಾಕಿದವರನ್ನು. 1920ರ ಕಾಯ್ದೆಯಡಿ ಹೋಟೆಲಿನವರಿಗೆ ಬಿಡುಗಡೆ ಸಿಕ್ಕರೂ ಸಹಕಾರ ಸಂಘದ 1.5 ಲಕ್ಷಕ್ಕೆ ಭಾವಮೈದ ಪೂರ್ತಿ ಬಾಧ್ಯ. ಜಾಮೀನುದಾರರಿಗೆ ಬಿಡುಗಡೆ ಇಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಬರೆದಿದೆ. ಸಂಘ ಅವರ ಸಂಬಳಕ್ಕೋ ಜಮೀನಿಗೋ ಕೈಹಾಕಬಹುದು. ಆದ್ದರಿಂದ ಇರುವ ಅಲ್ಪ ಹಣದಲ್ಲಿ ಯಾವ ಸಾಲವನ್ನು ಮೊದಲು ರಾಜಿ ಮಾಡಬೇಕೆಂಬ ಪ್ರಶ್ನೆಗೆ ಬಡ್ಡಿ ದರವೊಂದೇ ಉತ್ತರವಲ್ಲ. ಕಾರ್ಡಿನ ಬಡ್ಡಿ ಎಷ್ಟೇ ಹೆಚ್ಚಿದ್ದರೂ ಅದರ ಪೆಟ್ಟು ಬೀಳುವುದು ಇವರೊಬ್ಬರ ಮೇಲೆ, ಸಂಘದ ಸಾಲದ್ದು ಎರಡು ಮನೆಗಳ ಮೇಲೆ. ಆದರೆ ಐಪಿ ಹಾಕುವ ಯೋಚನೆ ಇದ್ದರೆ ಹೀಗೆ ಒಬ್ಬರಿಗೆ ಮಾತ್ರ ಕಟ್ಟುವುದು ಆ 3 ತಿಂಗಳ ನಿಯಮಕ್ಕೆ ಸಿಕ್ಕಿಬೀಳಬಹುದು. ಸಂಘದ ಜೊತೆ ರಾಜಿಯೋ ಕೋರ್ಟಿನ ದಾರಿಯೋ ಎಂಬುದನ್ನು ಮೊದಲ ಕಂತು ಕಟ್ಟುವ ಮುಂಚೆಯೇ ವಕೀಲರ ಜೊತೆ ಕೂತು ತೀರ್ಮಾನಿಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ, ಉಳಿದವರಿಗೆ ನಿಗದಿತ ಆದಾಯ ಮಿತಿಯೊಳಗೆ, ಆ ವಕೀಲರು ಉಚಿತವಾಗಿ ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.